ತಾರೀಖು ನೋಡದ NPV, ತಾರೀಖು ಕೇಳುವ XNPV

ಕಾಫಿ ತೋಟದಲ್ಲಿ ದುಡ್ಡು ಹೋಗುವ ತಿಂಗಳು ಬೇರೆ, ಬರುವ ತಿಂಗಳು ಬೇರೆ. ಮುಂಗಾರು ಹಿಡಿಯುವ ಮೊದಲೇ ಗೊಬ್ಬರ ಹಾಕಿಸಬೇಕು, ಕಳೆ ತೆಗೆಸಬೇಕು, ನೆರಳು ದಟ್ಟವಾದ ಕಡೆ ಮರಗಸಿ ಮಾಡಿಸಬೇಕು. ಇವೆಲ್ಲ ಮೇ, ಜೂನ್ ತಿಂಗಳ ಖರ್ಚು. ರೊಬಸ್ಟಾ ಹಣ್ಣಾಗಿ, ಕೊಯ್ಲು ಮುಗಿದು, ಕಣದಲ್ಲಿ ಒಣಗಿ, ಚೀಲಕ್ಕೆ ತುಂಬಿ, ವ್ಯಾಪಾರಿಯಿಂದ ಹಣ ಕೈಗೆ ಬರುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ನಡುವಿನ ಒಂಬತ್ತು ಹತ್ತು ತಿಂಗಳೂ ಬಡ್ಡಿ ಓಡುತ್ತಲೇ ಇರುತ್ತದೆ. ಆದರೆ ಹಣಕಾಸು ವರ್ಷದ ಪ್ರಕಾರ ಲೆಕ್ಕ ಬರೆಯುವವರ ಹಾಳೆಯಲ್ಲಿ ಜೂನ್ ತಿಂಗಳ ಖರ್ಚೂ ಮಾರ್ಚ್ ತಿಂಗಳ ಆದಾಯವೂ ಒಂದೇ ಕಾಲಂನಲ್ಲಿ ಕೂತಿರುತ್ತವೆ. ಒಂದರಿಂದ ಇನ್ನೊಂದನ್ನು ಕಳೆದರೆ ಆ ವರ್ಷದ ಲಾಭ ಬಂತು, ಅಷ್ಟೇ.

ಹೀಗೆ ಕಳೆದು ಬಂದ ಅಂಕಿಗಳನ್ನು ಎಕ್ಸೆಲ್‌ನ NPV ಸೂತ್ರಕ್ಕೆ ಕೊಟ್ಟು, ಉತ್ತರ ಲಾಭ ತೋರಿಸಿತೆಂದು ವ್ಯವಹಾರಕ್ಕೆ ಕೈಹಾಕಿದರೆ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕದ ಮೂಲಕವೇ ನೋಡೋಣ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ತೋಟವನ್ನು ಕೆಲವು ವರ್ಷಕ್ಕೆ ಗುತ್ತಿಗೆಗೆ ಕೊಡುವುದು ಹೊಸತೇನಲ್ಲ. ನಮ್ಮ ಉದಾಹರಣೆಯ ಸಣ್ಣ ರೊಬಸ್ಟಾ ತೋಟವೂ ಅಂಥದ್ದೇ. ಅಂಕಿಗಳು ಕಲ್ಪಿತ, ವ್ಯವಹಾರದ ರೀತಿ ಮಾತ್ರ ನಿಜದ್ದು. ಗುತ್ತಿಗೆ ಮೂರು ಫಸಲಿಗೆ. ಪೂರ್ತಿ ಗುತ್ತಿಗೆ ಹಣ 8 ಲಕ್ಷವನ್ನು ಮೊದಲೇ ಕೊಡಬೇಕು. ಪ್ರತಿ ಮುಂಗಾರಿಗೆ ಮೊದಲು 4 ಲಕ್ಷ ಖರ್ಚು. ಕೊಯ್ಲಿನ ಕೂಲಿ ಕಳೆದು ಪ್ರತಿ ಮಾರ್ಚ್‌ನಲ್ಲಿ 7.5 ಲಕ್ಷ ಕೈಗೆ ಬರುತ್ತದೆ. ಗುತ್ತಿಗೆ ಹಿಡಿಯುವವರು ಸಾಲ ತಂದೇ ಹಣ ಹೂಡುತ್ತಾರೆ, ಬಡ್ಡಿ ವರ್ಷಕ್ಕೆ ಶೇ. 12 ಎಂದುಕೊಳ್ಳಿ. ಹಾಳೆಯ A ಕಾಲಂನಲ್ಲಿ ತಾರೀಖು, B ಕಾಲಂನಲ್ಲಿ ಮೊತ್ತ, ಎರಡನೇ ಸಾಲಿನಿಂದ ಎಂಟನೇ ಸಾಲಿನವರೆಗೆ:

```
10-04-2024   -800000
01-06-2024   -400000
20-03-2025    750000
05-06-2025   -400000
25-03-2026    750000
01-06-2026   -400000
20-03-2027    750000
```

ಮೊದಲು ವರ್ಷವಾರು ಲೆಕ್ಕ ಮಾಡೋಣ. ಪ್ರತಿ ವರ್ಷ ಏಳೂವರೆ ಲಕ್ಷದಲ್ಲಿ ನಾಲ್ಕು ಲಕ್ಷ ಹೋದರೆ ಮೂರೂವರೆ ಲಕ್ಷ ಉಳಿಯುತ್ತದೆ. ಮೂರು ವರ್ಷಕ್ಕೆ ಹತ್ತೂವರೆ ಲಕ್ಷ. ಕೊಟ್ಟದ್ದು ಎಂಟು ಲಕ್ಷ. ಬಾಯಿಲೆಕ್ಕಕ್ಕೆ ಎರಡೂವರೆ ಲಕ್ಷ ಲಾಭ. ಆದರೆ ಶೇ. 12ರ ಬಡ್ಡಿಯಲ್ಲಿ ಇಂದಿನ 100 ರೂಪಾಯಿ ವರ್ಷ ಕಳೆಯುವಷ್ಟರಲ್ಲಿ 112 ಆಗುತ್ತದೆ, ಅಂದರೆ ವರ್ಷದ ನಂತರ ಬರುವ 112 ರೂಪಾಯಿಗೆ ಇಂದಿನ ಬೆಲೆ 100 ಮಾತ್ರ. ಮುಂದೆ ಬರುವ ಪ್ರತಿ ಮೊತ್ತವನ್ನೂ ಹೀಗೆ ಇಂದಿನ ಬೆಲೆಗೆ ಇಳಿಸಿ, ಹೋಗುವುದನ್ನು ಬರುವುದರಿಂದ ಕಳೆದರೆ ಸಿಗುವುದೇ ನಿವ್ವಳ ಪ್ರಸ್ತುತ ಮೌಲ್ಯ. ಅದು ಸೊನ್ನೆಗಿಂತ ಹೆಚ್ಚಿದ್ದರೆ ಬಡ್ಡಿ ಕಟ್ಟಿಯೂ ಏನೋ ಮಿಕ್ಕಿತೆಂದು ಅರ್ಥ, ಕಡಿಮೆ ಇದ್ದರೆ ಬಡ್ಡಿಯೇ ಲಾಭವನ್ನು ನುಂಗಿತೆಂದು ಅರ್ಥ. ಮೂರು ವರ್ಷದ ಮೂರೂವರೆ ಲಕ್ಷಗಳನ್ನು D2ರಿಂದ D4ರವರೆಗೆ ಬರೆದು ಸೂತ್ರ ಹಾಕಿದರೆ:

```
=B2+NPV(12%, D2:D4)
```

ಉತ್ತರ 40,641 ರೂಪಾಯಿ ಲಾಭ. ಗುತ್ತಿಗೆ ಹಿಡಿಯಬಹುದು ಎಂದಾಯಿತು.

ಇಲ್ಲಿ B2ಅನ್ನು, ಅಂದರೆ ಮೊದಲು ಕೊಟ್ಟ ಎಂಟು ಲಕ್ಷವನ್ನು, ಆವರಣದ ಹೊರಗಿಟ್ಟಿರುವುದನ್ನು ಗಮನಿಸಿ. NPV ಸೂತ್ರಕ್ಕೆ ಒಂದು ಹಟವಿದೆ. ಪಟ್ಟಿಯ ಮೊದಲ ಮೊತ್ತ ಇಂದಿನದು ಎಂದು ಅದು ಎಂದೂ ಒಪ್ಪುವುದಿಲ್ಲ. ಮೊದಲ ಅವಧಿಯ ಕೊನೆಗೆ ಬರುವುದೆಂದೇ ಎಣಿಸುತ್ತದೆ. ಎರಡನೆಯದು ಎರಡನೇ ಅವಧಿಯ ಕೊನೆಗೆ, ಮೂರನೆಯದು ಮೂರನೆಯದರ ಕೊನೆಗೆ. ಇಂದು ಕೊಡುವ ಹಣವನ್ನೂ ಪಟ್ಟಿಯೊಳಗೆ ಸೇರಿಸಿದರೆ ಎಲ್ಲವೂ ಒಂದು ವರ್ಷ ಮುಂದಕ್ಕೆ ಜರುಗಿ, 40,641 ಬರಬೇಕಾದಲ್ಲಿ 36,287 ಬರುತ್ತದೆ. ಇದು ಬಹಳ ಮಂದಿ ಮಾಡುವ ತಪ್ಪು. ಆದರೂ ಇದರಿಂದ ಲಾಭ ನಷ್ಟವಾಗಿ ತಿರುಗುವುದಿಲ್ಲ, ಮೊತ್ತ ಮಾತ್ರ ಕುಗ್ಗುತ್ತದೆ. ನಿಜವಾದ ತೊಂದರೆ ಇರುವುದು ಬೇರೆ ಕಡೆ: NPVಗೆ ತಾರೀಖು ಕೊಡಲು ಜಾಗವೇ ಇಲ್ಲ. ಅದು ಕೇಳುವುದು ಬಡ್ಡಿದರ ಮತ್ತು ಮೊತ್ತಗಳ ಪಟ್ಟಿ, ಅಷ್ಟೇ. ಒಂದು ಮೊತ್ತಕ್ಕೂ ಮುಂದಿನದಕ್ಕೂ ಸಮನಾದ ಅಂತರ ಇದೆಯೆಂದು ಅದು ನಂಬಿಕೊಂಡಿರುತ್ತದೆ.

ಆ ನಂಬಿಕೆ ಎಷ್ಟು ಕುರುಡು ಎಂದು ತಿಳಿಯಬೇಕಾದರೆ, ವರ್ಷವಾರು ಕೂಡಿಸದೆ ಮೇಲಿನ ಏಳು ಸಾಲುಗಳನ್ನು ಇದ್ದ ಹಾಗೆಯೇ ಕೊಟ್ಟು ನೋಡಿ: `=B2+NPV(12%, B3:B8)`. ಉತ್ತರ 2,14,318 ರೂಪಾಯಿ ನಷ್ಟ! ಪ್ರತಿ ಸಾಲೂ ಒಂದೊಂದು ವರ್ಷ ಎಂದು ಎಣಿಸಿದ ಸೂತ್ರ ಮೂರು ವರ್ಷದ ಗುತ್ತಿಗೆಯನ್ನು ಆರು ವರ್ಷಕ್ಕೆ ಎಳೆದಿದೆ. ಹಾಳೆಯಲ್ಲಿ ಕೆಂಪು ಗುರುತು ಬೀಳುವುದಿಲ್ಲ, ಎಚ್ಚರಿಕೆ ಬರುವುದಿಲ್ಲ.

ಈಗ XNPV. ಇದು ಮೂರು ಸಂಗತಿ ಕೇಳುತ್ತದೆ: ಬಡ್ಡಿದರ, ಮೊತ್ತಗಳು, ತಾರೀಖುಗಳು. ಹಳೆಯ ಎಕ್ಸೆಲ್‌ನಲ್ಲಿ ಇದಕ್ಕಾಗಿ ಪ್ರತ್ಯೇಕ ಆಡ್‌ಇನ್ ಚಾಲೂ ಮಾಡಬೇಕಿತ್ತು. 2007ರ ಆವೃತ್ತಿಯಿಂದ ಸೂತ್ರ ನೇರವಾಗಿ ಸಿಗುತ್ತದೆ. ಗೂಗಲ್ ಶೀಟ್ಸ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ಇದೇ ಹೆಸರಿನಲ್ಲಿದೆ.

```
=XNPV(12%, B2:B8, A2:A8)
```

ಒಳಗೆ ನಡೆಯುವ ಕೆಲಸ ಸರಳ. ಪಟ್ಟಿಯ ಮೊದಲ ತಾರೀಖನ್ನು ಅದು ಬುಡವಾಗಿ ಹಿಡಿಯುತ್ತದೆ. ಅಲ್ಲಿಂದ ಪ್ರತಿ ತಾರೀಖಿಗೆ ಎಷ್ಟು ದಿನ ಎಂದು ಎಣಿಸಿ, 365ರಿಂದ ಭಾಗಿಸಿ, ಅಷ್ಟು ವರ್ಷಕ್ಕೆ ಚಕ್ರಬಡ್ಡಿ ಹಾಕಿ ಮೊತ್ತವನ್ನು ಇಳಿಸುತ್ತದೆ. ಎರಡನೇ ಸಾಲನ್ನು ಕೈಯಲ್ಲೇ ಮಾಡಿ ನೋಡಬಹುದು. 2024ರ ಏಪ್ರಿಲ್ 10ರಿಂದ ಜೂನ್ 1ಕ್ಕೆ 52 ದಿನ. 52ನ್ನು 365ರಿಂದ ಭಾಗಿಸಿದರೆ 0.1425. 1.12ರ ಮೇಲೆ ಈ ಘಾತ ಹಾಕಿದರೆ 1.01628. ನಾಲ್ಕು ಲಕ್ಷವನ್ನು ಇದರಿಂದ ಭಾಗಿಸಿದರೆ 3,93,594 ರೂಪಾಯಿ. ಏಳೂ ಸಾಲಿಗೆ ಹೀಗೆ ಮಾಡಿ ಕೂಡಿದರೆ ಉತ್ತರ 46,127 ರೂಪಾಯಿ ನಷ್ಟ.

ಅದೇ ತೋಟ, ಅದೇ ಹಣ, ಅದೇ ಬಡ್ಡಿ. ಒಂದು ಸೂತ್ರ ನಲವತ್ತು ಸಾವಿರ ಲಾಭ ಅನ್ನುತ್ತದೆ, ಇನ್ನೊಂದು ನಲವತ್ತಾರು ಸಾವಿರ ನಷ್ಟ ಅನ್ನುತ್ತದೆ. ನಡುವಿನ 86,768 ರೂಪಾಯಿ ಎಲ್ಲಿ ಹೋಯಿತು?

ಅದರ ಪೂರ್ತಿ ಲೆಕ್ಕ ಕೊಡಬಹುದು. ವರ್ಷವಾರು ಹಾಳೆ ಜೂನ್‌ನಲ್ಲಿ ಕೊಟ್ಟ ಗೊಬ್ಬರದ ಹಣವನ್ನು ವರ್ಷದ ಕೊನೆಗೆ ಕೊಟ್ಟಂತೆ ಎಣಿಸಿತು. ಹತ್ತು ತಿಂಗಳ ಬಡ್ಡಿಯನ್ನು ಗುತ್ತಿಗೆದಾರರಿಗೆ ಮಾಫಿ ಮಾಡಿದ ಹಾಗೆ. ಮೂರು ವರ್ಷದ ಈ ಖರ್ಚುಗಳಿಗೆ NPV ಕಟ್ಟಿದ ಇಂದಿನ ಬೆಲೆ 9,60,733 ರೂಪಾಯಿ, XNPV ಕಟ್ಟಿದ್ದು 10,58,351. ಇಲ್ಲೇ 97,618 ರೂಪಾಯಿ ಏರುಪೇರು. ಇನ್ನೊಂದು ಕಡೆ ಕಾಫಿ ಮಾರಿದ ಹಣ ಏಪ್ರಿಲ್ 10ಕ್ಕೆ ವರ್ಷ ತುಂಬುವ ಎರಡು ಮೂರು ವಾರ ಮೊದಲೇ ಬಂದಿದೆ. ಆ ಲೆಕ್ಕದಲ್ಲಿ XNPV ನಮಗೆ 10,850 ರೂಪಾಯಿ ಹೆಚ್ಚು ಕೊಟ್ಟಿದೆ. ಒಂದರಲ್ಲಿ ಇನ್ನೊಂದು ಕಳೆದರೆ ಅದೇ 86,768. ಯಾವ ಸೂತ್ರವೂ ಗಣಿತದಲ್ಲಿ ತಪ್ಪಿಲ್ಲ. ಒಂದಕ್ಕೆ ಜೂನ್ ತಿಂಗಳ ವಿಷಯ ಗೊತ್ತೇ ಇರಲಿಲ್ಲ, ಇನ್ನೊಂದಕ್ಕೆ ಗೊತ್ತಿತ್ತು.

ಈ ತಪ್ಪು ಎಲ್ಲ ವ್ಯವಹಾರಕ್ಕೂ ಒಂದೇ ದಿಕ್ಕಿನಲ್ಲಿ ಆಗುವುದಿಲ್ಲ ಎಂಬುದೂ ಮುಖ್ಯ. ವರ್ಷದ ಮೊದಲಿಗೆ ಖರ್ಚು, ಕೊನೆಗೆ ಆದಾಯ ಇರುವಲ್ಲಿ ವರ್ಷವಾರು NPV ಯಾವಾಗಲೂ ಹೊಗಳುತ್ತದೆ. ಬೇಸಾಯ ಬಹುತೇಕ ಹೀಗೆಯೇ. ಮೊದಲೇ ಶುಲ್ಕ ಕಟ್ಟಿಸಿಕೊಂಡು ವರ್ಷವಿಡೀ ಖರ್ಚು ಮಾಡುವ ಟ್ಯೂಷನ್ ಕೇಂದ್ರದಂಥ ವ್ಯವಹಾರಕ್ಕೆ ಅದೇ ಹಾಳೆ ಅನ್ಯಾಯ ಮಾಡುತ್ತದೆ. ಇರುವ ಲಾಭವನ್ನೂ ಕಡಿಮೆ ತೋರಿಸುತ್ತದೆ.

ಶೇಕಡಾವಾರು ಮಾತೇ ರೂಢಿಯಾದವರು ಇದನ್ನು ಹೀಗೆ ನೋಡಬಹುದು. ಯಾವ ಬಡ್ಡಿದರಕ್ಕೆ ಲಾಭವೂ ಇಲ್ಲ ನಷ್ಟವೂ ಇಲ್ಲ ಎಂದು ಹೇಳುವ ಸೂತ್ರ IRR; ಅದಕ್ಕೆ ತಾರೀಖು ಸೇರಿದರೆ XIRR. ಮ್ಯೂಚುವಲ್ ಫಂಡ್ ಎಸ್‌ಐಪಿ ಇರುವವರಿಗೆ ಇದರ ಹೆಸರು ಪರಿಚಯವಿರುತ್ತದೆ. ನಮ್ಮ ಗುತ್ತಿಗೆಗೆ ವರ್ಷವಾರು IRR ಸುಮಾರು ಶೇ. 15 ಬರುತ್ತದೆ, XIRR ಸುಮಾರು ಶೇ. 9.8. ಶೇ. 12ಕ್ಕೆ ಸಾಲ ತಂದವರಿಗೆ ಈ ಎರಡರಲ್ಲಿ ಯಾವುದು ನಿಜ ಎಂಬುದು ಸಣ್ಣ ಸಂಗತಿಯಲ್ಲ.

ತಾರೀಖು ಕಾಲಂ ಒಮ್ಮೆ ಹಾಳೆಯಲ್ಲಿ ಬಂದಿತೆಂದರೆ ಚೌಕಾಸಿಗೂ ಅದೇ ನೆರವಾಗುತ್ತದೆ. ನಷ್ಟ 46,127 ಎಂದ ಮೇಲೆ ತೋಟದ ಮಾಲೀಕರ ಹತ್ತಿರ ಎಂಟು ಲಕ್ಷವನ್ನು ಇಳಿಸಿ ಎಂದು ಕೇಳಬಹುದು. ಅವರು ಒಪ್ಪದಿದ್ದರೆ ಇನ್ನೊಂದು ದಾರಿಯಿದೆ: ಮೊತ್ತ ಅಷ್ಟೇ ಇರಲಿ, ಅರ್ಧ ಈಗ, ಅರ್ಧ ಮೊದಲ ಫಸಲಿನ ಹಣ ಬಂದ ದಿನ, ಅಂದರೆ 2025ರ ಮಾರ್ಚ್ 20ಕ್ಕೆ. ಎರಡನೇ ಸಾಲಿನ ಎಂಟು ಲಕ್ಷವನ್ನು ನಾಲ್ಕು ಮಾಡಿ, ಇನ್ನು ನಾಲ್ಕನ್ನು ಹೊಸ ಸಾಲಿನಲ್ಲಿ ಬರೆದರೆ ನಷ್ಟ 5,606 ರೂಪಾಯಿಗೆ ಇಳಿಯುತ್ತದೆ. ಒಂದು ರೂಪಾಯಿಯೂ ಕಡಿಮೆಯಾಗದೆ ನಲವತ್ತು ಸಾವಿರದ ಅನುಕೂಲ.

ಇನ್ನು ವ್ಯಾಪಾರಿಯ ವಿಷಯ. ಮೂರನೇ ಫಸಲಿನ ಹಣವನ್ನು 2027ರ ಮಾರ್ಚ್ 20ರ ಬದಲು ಜುಲೈ 15ಕ್ಕೆ ಕೊಡುತ್ತೇನೆ, ಅಲ್ಲಿಯವರೆಗೆ ತಾಳಿ ಎಂದರೆ? ತಾರೀಖು ಬದಲಿಸಿದ ಕೂಡಲೇ ಹಾಳೆ ಹೇಳುತ್ತದೆ: ಇಂದಿನ ಬೆಲೆಯಲ್ಲಿ 19,169 ರೂಪಾಯಿ ಹೋಯಿತು. ಆ 117 ದಿನ ಕಾಯಬೇಕಾದರೆ ಏಳೂವರೆ ಲಕ್ಷದ ಮೇಲೆ ಶೇ. 3.7ರಷ್ಟು, ಅಂದರೆ ಸುಮಾರು 27,750 ರೂಪಾಯಿ ಹೆಚ್ಚು ಸಿಗಬೇಕು. ದರ ಏರಲಿ ಎಂದು ಕಾಫಿಯನ್ನು ಗೋದಾಮಿನಲ್ಲಿ ಇಟ್ಟು ಕಾಯುವ ಬೆಳೆಗಾರರು ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ. ವರ್ಷವಾರು ಹಾಳೆಯಲ್ಲಿ ಮಾರ್ಚ್ ದಾಟಿದ ಹಣ ಒಮ್ಮೆಲೇ ಮುಂದಿನ ವರ್ಷಕ್ಕೆ ಹಾರುತ್ತದೆ. ಹತ್ತು ದಿನ ತಡವಾದರೂ ಹತ್ತು ತಿಂಗಳು ತಡವಾದರೂ ಅದಕ್ಕೆ ಒಂದೇ.

XNPV ಕೂಡ ಕೆಲವು ಕಡೆ ಕೈಕೊಡುತ್ತದೆ. ಹೆಚ್ಚು ಮಂದಿ ಎಡವುವುದು ತಾರೀಖಿನಲ್ಲೇ. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಕಂಪ್ಯೂಟರಿನ ಪ್ರದೇಶ ಅಮೆರಿಕ ಎಂದು ಹೊಂದಿಸಿದ್ದರೆ ಎಕ್ಸೆಲ್ ತಿಂಗಳನ್ನೇ ಮೊದಲು ಓದುತ್ತದೆ. ಆಗ 10-04-2024 ಎಂಬುದು ಅಕ್ಟೋಬರ್ 4 ಆಗುತ್ತದೆ, 01-06-2024 ಜನವರಿ 6 ಆಗುತ್ತದೆ. 20-03-2025ಅನ್ನು ಓದಲು ಇಪ್ಪತ್ತನೇ ತಿಂಗಳೇ ಇಲ್ಲವಾದ್ದರಿಂದ ಅದು ತಾರೀಖಲ್ಲದ ಬರೀ ಅಕ್ಷರವಾಗಿ ಉಳಿಯುತ್ತದೆ, ಸೂತ್ರ `#VALUE!` ಎನ್ನುತ್ತದೆ. ಹೀಗೆ ಕೂಗಿಕೊಂಡರೆ ನಮ್ಮ ಪುಣ್ಯ. ಎಲ್ಲ ತಾರೀಖುಗಳೂ 12ರ ಒಳಗಿದ್ದರೆ ಹಾಳೆ ತಪ್ಪು ತಿಂಗಳುಗಳನ್ನು ಹಿಡಿದುಕೊಂಡು ಸುಮ್ಮನೆ ಒಂದು ಉತ್ತರ ಕೊಟ್ಟುಬಿಡಬಹುದು. ಗುರುತಿಸುವ ದಾರಿ ಹೀಗೆ: ನಿಜವಾದ ತಾರೀಖು ಮನೆಯ ಬಲಕ್ಕೆ ಅಂಟುತ್ತದೆ, ಅಕ್ಷರವಾಗಿ ಉಳಿದದ್ದು ಎಡಕ್ಕೆ. ಇನ್ನೂ ಖಚಿತವಾಗಬೇಕಾದರೆ ಮನೆಯ ರೂಪವನ್ನು ತಾರೀಖಿನಿಂದ ಸಂಖ್ಯೆಗೆ ಬದಲಿಸಿ. ಎಕ್ಸೆಲ್ ಒಳಗೆ ಪ್ರತಿ ತಾರೀಖೂ ಒಂದು ದಿನಸಂಖ್ಯೆ. 2024ರ ಏಪ್ರಿಲ್ 10 ಅಂದರೆ 45392. ನಿಮಗೆ 45569 ಕಂಡರೆ ಅದು ಅಕ್ಟೋಬರ್ 4. ಈ ಗೋಜೇ ಬೇಡ ಎನ್ನುವವರು ತಾರೀಖನ್ನು `=DATE(2024,4,10)` ಎಂದು ಬರೆದರೆ ಯಾವ ಕಂಪ್ಯೂಟರಿನಲ್ಲೂ ಅರ್ಥ ಬದಲಾಗುವುದಿಲ್ಲ.

ಎರಡನೆಯ ಎಚ್ಚರ ಮೊದಲ ಸಾಲಿನದು. ಬುಡದ ತಾರೀಖು ಯಾವುದು ಎಂದು ತೀರ್ಮಾನಿಸುವುದು ಆ ಸಾಲೇ. ಉಳಿದ ಸಾಲುಗಳು ಹಿಂದುಮುಂದಾದರೂ ನಡೆಯುತ್ತದೆ, ಆದರೆ ಮೊದಲ ತಾರೀಖಿಗಿಂತ ಹಿಂದಿನದು ಪಟ್ಟಿಯಲ್ಲಿ ಎಲ್ಲಿ ಬಂದರೂ ಎಕ್ಸೆಲ್ `#NUM!` ಎನ್ನುತ್ತದೆ. ಇಂದಿನ ದಿನ ಯಾವುದು ಎಂಬುದು XNPVಗೆ ತಿಳಿಯದು. ನೀವು ಜನವರಿಯಲ್ಲಿ ಕೂತು ಏಪ್ರಿಲ್‌ನಲ್ಲಿ ಶುರುವಾಗುವ ಗುತ್ತಿಗೆಯ ಲೆಕ್ಕ ಹಾಕುತ್ತಿದ್ದರೆ, ಬರುವ ಉತ್ತರ ಏಪ್ರಿಲ್‌ನ ಬೆಲೆಯಲ್ಲಿರುತ್ತದೆ. ಜನವರಿಯ ಬೆಲೆಯೇ ಬೇಕಿದ್ದರೆ ಆ ತಾರೀಖಿಗೆ ಸೊನ್ನೆ ಮೊತ್ತದ ಒಂದು ಸಾಲನ್ನು ಎಲ್ಲಕ್ಕೂ ಮೇಲೆ ಸೇರಿಸಬೇಕು.

ಬಡ್ಡಿದರದಲ್ಲೂ ಒಂದು ಸಿಕ್ಕಿದೆ. XNPV ತೆಗೆದುಕೊಳ್ಳುವುದು ವಾರ್ಷಿಕ ದರ, ಅದೂ ಚಕ್ರಬಡ್ಡಿ ಸೇರಿದ ದರ. ನಮ್ಮಲ್ಲಿ ಕೈಸಾಲದ ಮಾತು ನಡೆಯುವುದು ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಎಂದು. ಎರಡು ರೂಪಾಯಿ ಬಡ್ಡಿಯ ಸಾಲ ತಂದವರು ಸೂತ್ರದಲ್ಲಿ 2% ಎಂದು ಬರೆದರೆ ಅದು ವರ್ಷಕ್ಕೆ ಎರಡು ಎಂದೇ ತಿಳಿಯುತ್ತದೆ, ತೋಟ ಭರ್ಜರಿ ಲಾಭದಲ್ಲಿರುವಂತೆ ಕಾಣುತ್ತದೆ. ತಿಂಗಳ ಬಡ್ಡಿ ಅಸಲಿಗೆ ಸೇರುತ್ತಾ ಹೋದರೆ ಅದರ ನಿಜವಾದ ವಾರ್ಷಿಕ ದರ ಶೇ. 26.8. ತಿಂಗಳಿಗೆ ಒಂದರಂತೆ ಕೂಡುವ ಬಡ್ಡಿಯೂ ಶೇ. 12 ಅಲ್ಲ, 12.68.

ಉತ್ತರದ ಮೇಲೆ ಸಂಶಯ ಬಂದರೆ XNPV ಹೆಸರೇ ಎತ್ತದೆ ಅದೇ ಕೆಲಸ ಮಾಡುವ ಇನ್ನೊಂದು ಸೂತ್ರವಿದೆ. ಎರಡೂ ಒಂದೇ ಉತ್ತರ ಕೊಡಬೇಕು:

```
=SUMPRODUCT(B2:B8/(1+12%)^((A2:A8-A2)/365))
```

365 ಎಂಬುದು ಇಲ್ಲಿ ಗಟ್ಟಿಯಾಗಿ ಕೂತಿದೆ. ಅಧಿಕ ವರ್ಷದಲ್ಲೂ XNPV 365ರಿಂದಲೇ ಭಾಗಿಸುತ್ತದೆ, ಹಾಗಾಗಿ ಫೆಬ್ರವರಿ 29 ದಾಟಿದ ಲೆಕ್ಕದಲ್ಲಿ ಒಂದು ದಿನದ ಬಡ್ಡಿ ಹೆಚ್ಚುವರಿಯಾಗಿ ಸೇರುತ್ತದೆ. ನಮ್ಮಂಥವರ ವ್ಯವಹಾರಕ್ಕೆ ಅದು ತಲೆಕೆಡಿಸಿಕೊಳ್ಳುವ ಮೊತ್ತವಲ್ಲ.

ಹಾಗಾದರೆ ಸಾದಾ NPV ಬೇಡವೇ? ಹಣ ಸಮ ಅಂತರದಲ್ಲಿ ಬಂದುಹೋಗುವಲ್ಲಿ ಅದು ಚೆನ್ನಾಗಿಯೇ ದುಡಿಯುತ್ತದೆ. ಮಳಿಗೆಯ ಬಾಡಿಗೆ, ಸಾಲದ ಇಎಂಐ ಪ್ರತಿ ತಿಂಗಳೂ ಒಂದೇ ದಿನ ಬೀಳುತ್ತವೆ; ಅಲ್ಲಿ ತಾರೀಖು ಬರೆಯುವ ಶ್ರಮ ದಂಡ. ವಾರ್ಷಿಕ ದರದ ಬದಲು ತಿಂಗಳ ದರ ಕೊಟ್ಟರೆ ಸಾಕು. ತೋಟದ ಲೆಕ್ಕವನ್ನೂ ವರ್ಷದ ಕಾಲಂ ಬಿಟ್ಟು ಮೂವತ್ತಾರು ತಿಂಗಳ ಕಾಲಂ ಮಾಡಿ ಬರೆದರೆ NPV ಉತ್ತರ XNPV ಉತ್ತರದ ತೀರ ಹತ್ತಿರ ಬರುತ್ತದೆ. ಆದರೆ ಹಣ ಓಡಾಡದ ತಿಂಗಳಿಗೆ ಸೊನ್ನೆ ಬರೆಯಲೇಬೇಕು. ಖಾಲಿ ಬಿಟ್ಟ ಮನೆಯನ್ನು NPV ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೂನ್ ಆದ ಮೇಲೆ ಮಾರ್ಚ್‌ವರೆಗೆ ಖಾಲಿ ಬಿಟ್ಟರೆ ಜುಲೈಯಲ್ಲೇ ಕಾಫಿ ಮಾರಿದಂತೆ ಎಣಿಸಿ ಲಾಭವನ್ನು ಉಬ್ಬಿಸುತ್ತದೆ. ಸೂತ್ರ ಸರಿಯಿದೆ, ಬಡ್ಡಿ ಸರಿಯಿದೆ, ಆದರೂ ಉತ್ತರ ನಂಬಲಾಗದಷ್ಟು ಚೆನ್ನಾಗಿದೆ ಎನ್ನಿಸಿದಾಗ ಮೊದಲು ಹುಡುಕಬೇಕಾದದ್ದು ಖಾಲಿ ಮನೆಗಳನ್ನು.

ಕಾಫಿಯ ದರ, ಇಳುವರಿ, ಹೂಮಳೆ ಇವೆಲ್ಲ ಸೂತ್ರದ ಹಿಡಿತಕ್ಕೆ ಸಿಗುವಂಥವಲ್ಲ. ನಮ್ಮ ಲೆಕ್ಕದಲ್ಲಿ ಪ್ರತಿ ವರ್ಷದ ಮಾರಾಟದ ಹಣ ಶೇ. 2.6ರಷ್ಟು ಹೆಚ್ಚು ಬಂದರೂ ಆ 46 ಸಾವಿರದ ನಷ್ಟ ತುಂಬಿಹೋಗುತ್ತದೆ, ಅಷ್ಟೇ ಕಡಿಮೆ ಬಂದರೆ ನಷ್ಟ ಇಮ್ಮಡಿಯಾಗುತ್ತದೆ. ಅಷ್ಟು ಏರಿಳಿತ ಕಾಫಿ ಮಾರುಕಟ್ಟೆಗೆ ಯಾವ ಲೆಕ್ಕಕ್ಕೂ ಇಲ್ಲ. ಆದರೆ ದರ ಏರೀತೆಂಬುದು ಊಹೆ; ಗೊಬ್ಬರದ ಹಣ ಜೂನ್‌ನಲ್ಲಿ ಕೊಡಬೇಕೆಂಬುದು ಮೊದಲೇ ಗೊತ್ತಿರುವ ಸಂಗತಿ. ಗೊತ್ತಿರುವುದನ್ನು ಹಾಳೆಯಿಂದ ಹೊರಗಿಟ್ಟು ಗುತ್ತಿಗೆ ಪತ್ರಕ್ಕೆ ಸಹಿ ಹಾಕಲು ಕಾರಣವಿಲ್ಲ. ಶೇ. 12ರ ಸಾಲ ತಂದು, ಪೂರ್ತಿ ಹಣವನ್ನು ಮೊದಲ ದಿನವೇ ಕೊಡುವುದಾದರೆ, ಈ ತೋಟಕ್ಕೆ ಮೂರು ಫಸಲಿಗೆ 7,53,872 ರೂಪಾಯಿಗಿಂತ ಹೆಚ್ಚು ಕೊಡಬಾರದು.